ಕೊನೆಯ ದಿನದ ಇಮೇಲ್

ಕೆಲಸ ಬಿಡುವವರು ಕೊನೆಯ ದಿನ ಸಹೋದ್ಯೋಗಿಗಳಿಗೆಲ್ಲ ಒಂದು ಇಮೇಲ್ ಹಾಕಿ ಹೋಗುವ ಪದ್ಧತಿ ಈಗ ಸಾಫ್ಟ್‌ವೇರ್ ಕಂಪನಿಗಳಿಗಷ್ಟೇ ಸೀಮಿತವಾಗಿಲ್ಲ. ಬ್ಯಾಂಕಿನಲ್ಲಿ, ಆಸ್ಪತ್ರೆಯ ಆಡಳಿತ ವಿಭಾಗದಲ್ಲಿ, ಕಾರ್ಖಾನೆಯ ಕಚೇರಿಯಲ್ಲಿ ಎಲ್ಲ ಕಡೆ ಅದು ನಡೆಯುತ್ತದೆ. ಹೆಚ್ಚಿನವರು ಈ ಪತ್ರ ಬರೆಯಲು ಕೂರುವುದು ಸಂಜೆ ಐದರ ಸುಮಾರಿಗೆ. ಅಷ್ಟು ಹೊತ್ತಿಗೆ ಐಟಿಯವರು ಲ್ಯಾಪ್‌ಟಾಪ್ ಕೇಳುತ್ತಿರುತ್ತಾರೆ, ಎಚ್‌ಆರ್‌ನಿಂದ ಸಹಿಗೆ ಕರೆ ಬಂದಿರುತ್ತದೆ, ಗೆಳೆಯರು ಕೇಕ್ ಕತ್ತರಿಸಲು ಕಾಯುತ್ತಿರುತ್ತಾರೆ. ಆ ಗಡಿಬಿಡಿಯಲ್ಲಿ ಕೈಗೆ ಸಿಗುವುದು ಹಿಂದೆ ಬಿಟ್ಟುಹೋದ ಯಾರದೋ ಹಳೆಯ ಇಮೇಲ್. ಅದರ ಹೆಸರು, ದಿನಾಂಕ ಬದಲಾಗಿ ಅದೇ ಪತ್ರ ಇನ್ನೊಮ್ಮೆ ಎಲ್ಲರಿಗೂ ಹೋಗುತ್ತದೆ.

ಇಂಥ ಪತ್ರವನ್ನು ಓದುವವರು ಅದರಲ್ಲಿ ಏನು ಹುಡುಕುತ್ತಾರೆ ಎಂದು ನೋಡಿದರೆ ಬರೆಯುವ ದಾರಿ ಅರ್ಧ ತಿಳಿದಂತೆಯೇ. ಅವರಿಗೆ ಬೇಕಾದದ್ದು ಮೂರು ವಿಷಯ. ಇವರ ಹತ್ತಿರ ಇದ್ದ ನನ್ನ ಕೆಲಸ ನಾಳೆಯಿಂದ ಯಾರ ಹತ್ತಿರ? ಮುಂದೆ ಇವರನ್ನು ಹಿಡಿಯುವುದು ಹೇಗೆ? ನಾವು ಒಟ್ಟಿಗೆ ಮಾಡಿದ ಕೆಲಸ ಇವರ ನೆನಪಿನಲ್ಲಿದೆಯೇ? ಮೊದಲ ಎರಡಕ್ಕೆ ಉತ್ತರ ಹೆಸರು ಮತ್ತು ಫೋನ್ ನಂಬರ್. ಮೂರನೆಯದಕ್ಕೆ ಉತ್ತರ ಕೃತಜ್ಞತೆ. ಈ ಮೂರನ್ನು ಬಿಟ್ಟು ಪತ್ರದಲ್ಲಿ ಸೇರುವುದೆಲ್ಲ ಸಾಮಾನ್ಯವಾಗಿ ಭಾವುಕತೆಯಾಗಿಯೋ ದೂರಾಗಿಯೋ ಕಾಣುತ್ತದೆ.

ಎರಡು ಕರಡು

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಬೆಂಗಳೂರಿನ ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಮಧ್ಯಮ ಗಾತ್ರದ ಕಾರ್ಖಾನೆ. ಅದರ ಪರ್ಚೇಸ್ ವಿಭಾಗದಲ್ಲಿ ಏಳು ವರ್ಷ ಕೆಲಸ ಮಾಡಿದ ಸುಮಾ ಎಂಬವರು ಮೈಸೂರಿನಲ್ಲಿ ಬೇರೆ ಕೆಲಸಕ್ಕೆ ಹೋಗುತ್ತಿದ್ದಾರೆ ಎಂದುಕೊಳ್ಳಿ. ಕಂಪನಿ, ಹೆಸರುಗಳು ಎಲ್ಲ ಕಲ್ಪನೆಯವು. ಆದರೆ ಅವರ ಮೊದಲ ಕರಡನ್ನು ನೀವು ಎಲ್ಲೋ ಓದಿದ್ದೀರಿ ಎನಿಸಿದರೆ ಆಶ್ಚರ್ಯವಿಲ್ಲ:

> ಆತ್ಮೀಯ ಸಹೋದ್ಯೋಗಿ ಬಂಧುಗಳೇ,
>
> ಭಾರವಾದ ಹೃದಯದಿಂದ ಈ ಪತ್ರ ಬರೆಯುತ್ತಿದ್ದೇನೆ. ಏಳು ವರ್ಷಗಳ ಈ ಸುಂದರ ಪಯಣದಲ್ಲಿ ನೀವೆಲ್ಲರೂ ನನಗೆ ಮನೆಯವರಂತೆ ಇದ್ದಿರಿ. ಇಲ್ಲಿ ಕಲಿತ ಪಾಠಗಳನ್ನು ಎಂದೆಂದಿಗೂ ಮರೆಯಲಾರೆ. ತಿಳಿದೋ ತಿಳಿಯದೆಯೋ ನನ್ನಿಂದ ಯಾರಿಗಾದರೂ ನೋವಾಗಿದ್ದರೆ ದಯವಿಟ್ಟು ಕ್ಷಮಿಸಿ. ನಾನು ಎಲ್ಲೇ ಇದ್ದರೂ ನನ್ನ ಮನಸ್ಸು ಇಲ್ಲೇ ಇರುತ್ತದೆ. ಎಲ್ಲರೂ ಸಂಪರ್ಕದಲ್ಲಿರೋಣ.
>
> ನಿಮ್ಮವಳೇ ಆದ,
> ಸುಮಾ

ಇದರಲ್ಲಿ ಸುಳ್ಳೇನೂ ಇಲ್ಲ. ಸುಮಾ ಅವರಿಗೆ ನಿಜವಾಗಿಯೂ ಬೇಜಾರಾಗಿರಬಹುದು. ತೊಂದರೆ ಏನೆಂದರೆ, ಕೆಳಗಿನ ಹೆಸರನ್ನು ಮುಚ್ಚಿದರೆ ಇದನ್ನು ಯಾವ ವಿಭಾಗದ ಯಾರು ಬೇಕಾದರೂ ಬರೆದಿರಬಹುದು. ಕಲಿತ ಪಾಠ ಯಾವುದೆಂದು ಗೊತ್ತಾಗುವುದಿಲ್ಲ. ಸಂಪರ್ಕದಲ್ಲಿರೋಣ ಎನ್ನುವ ಪತ್ರದಲ್ಲಿ ಒಂದು ಫೋನ್ ನಂಬರ್ ಕೂಡ ಇಲ್ಲ. ಕ್ಷಮೆಯ ಸಾಲು ಓದಿದವರಿಗೆ ಯಾರೊಡನೆ ಏನಾಗಿತ್ತು ಎಂಬ ಕುತೂಹಲ ಹುಟ್ಟುತ್ತದೆ. ಕ್ಷಮೆ ಕೇಳಬೇಕಾದವರು ಯಾರಾದರೂ ಇದ್ದರೆ ಅವರ ಮೇಜಿನ ಬಳಿ ಹೋಗಿ ಕೇಳಬೇಕು, ಮುನ್ನೂರು ಜನರ ಮುಂದೆ ಅಲ್ಲ. ಇನ್ನು ಸ್ಟೋರ್ಸ್‌ನಲ್ಲಿ ಕುಳಿತವರಿಗೆ ಬೇಕಾದದ್ದು, ನಾಳೆ ಬರಬೇಕಾದ ಕಾಸ್ಟಿಂಗ್ ಬರದಿದ್ದರೆ ಯಾರನ್ನು ಕೇಳಬೇಕು ಎಂಬುದು. ಅದರ ಸುಳಿವೇ ಪತ್ರದಲ್ಲಿಲ್ಲ.

ಅದೇ ಸುಮಾ ಅವರ ಎರಡನೆಯ ಕರಡು ಹೀಗಿದೆ:

> ವಿಷಯ: ಸುಮಾ, ಪರ್ಚೇಸ್: ಇಂದು ಕೊನೆಯ ದಿನ, ಮುಂದೆ ಯಾರನ್ನು ಸಂಪರ್ಕಿಸಬೇಕು
>
> ಎಲ್ಲರಿಗೂ ನಮಸ್ಕಾರ.
>
> ಇಂದು ಕಂಪನಿಯಲ್ಲಿ ನನ್ನ ಕೊನೆಯ ದಿನ. ಸಂಜೆ ನಾಲ್ಕರವರೆಗೆ ಪರ್ಚೇಸ್‌ನಲ್ಲೇ ಇರುತ್ತೇನೆ.
>
> ನಾಳೆಯಿಂದ ಕಾಸ್ಟಿಂಗ್ ಮತ್ತು ಬಾರ್ ಸ್ಟಾಕ್ ಆರ್ಡರ್‌ಗಳನ್ನು ಹರೀಶ್ ನೋಡಿಕೊಳ್ಳುತ್ತಾರೆ. ಜಾಬ್‌ವರ್ಕ್‌ಗೆ ಹೋಗಿರುವ ಮಾಲಿನ ವಿಚಾರಕ್ಕೆ ನಳಿನಿ ಅವರನ್ನು ಕೇಳಿ. ಬಾಕಿ ಆರ್ಡರ್‌ಗಳ ಪಟ್ಟಿ ವಿಭಾಗದ ಶೇರ್ಡ್ ಫೋಲ್ಡರ್‌ನಲ್ಲಿದೆ.
>
> ಬಂದ ಹೊಸತರಲ್ಲಿ ನನಗೆ ಡ್ರಾಯಿಂಗ್ ಓದಲು ಬರುತ್ತಿರಲಿಲ್ಲ. ಊಟದ ಬಿಡುವಿನಲ್ಲಿ ಕೂರಿಸಿಕೊಂಡು ಕಲಿಸಿದವರು ಕ್ವಾಲಿಟಿಯ ಮೂರ್ತಿ ಸರ್. ಲಾಕ್‌ಡೌನ್ ನಂತರ ಕಾರ್ಖಾನೆ ತೆರೆದಾಗ ಸ್ಟೋರ್ಸ್‌ನ ರಂಗಪ್ಪನವರು ದಿನಾ ಬೆಳಿಗ್ಗೆ ಸ್ಟಾಕ್ ಎಣಿಸಿ ಫೋನಿನಲ್ಲಿ ಹೇಳುತ್ತಿದ್ದರು, ಆ ಲೆಕ್ಕದ ಮೇಲೆಯೇ ನಾವು ಆರ್ಡರ್ ಹಾಕುತ್ತಿದ್ದೆವು. ತಿಂಗಳ ಕೊನೆಗೆ ತಡವಾಗಿ ಬಂದ ನಮ್ಮ ಬಿಲ್‌ಗಳನ್ನು ಗೊಣಗದೆ ತೆಗೆದುಕೊಂಡ ಅಕೌಂಟ್ಸ್‌ನವರನ್ನೂ ಮರೆಯುವಂತಿಲ್ಲ. ಎಲ್ಲರಿಗೂ ಧನ್ಯವಾದ.
>
> ಮುಂದಿನ ತಿಂಗಳಿಂದ ಮೈಸೂರಿನಲ್ಲಿರುತ್ತೇನೆ. ನನ್ನ ಸ್ವಂತ ಮೊಬೈಲ್ 98xxx xxxxx, ಇಮೇಲ್ suma@example.com. ಆ ಕಡೆ ಬಂದಾಗ ಫೋನ್ ಮಾಡಿ.
>
> ಸುಮಾ

ಓದಲು ಒಂದು ನಿಮಿಷ ಸಾಕು. ಎಲ್ಲಿಯೂ ಕಣ್ಣೀರಿಲ್ಲ, ಆದರೂ ಪತ್ರ ಒಣಗಿಲ್ಲ. ಏಳು ವರ್ಷ ಅಲ್ಲಿದ್ದವರು ಮಾತ್ರ ಬರೆಯಬಹುದಾದ ಪತ್ರ ಇದು. ಇದರ ಒಂದೊಂದು ಭಾಗ ಹೀಗೇಕೆ ಇದೆ ಎಂಬುದನ್ನು ಬಿಡಿಸಿ ನೋಡಬಹುದು.

ಮೊದಲು ಕೆಲಸ, ಆಮೇಲೆ ಮಾತು

ವಿಷಯದ ಸಾಲಿನಲ್ಲಿ ಹೆಸರೂ ವಿಭಾಗವೂ ಇರುವುದಕ್ಕೆ ಕಾರಣವಿದೆ. ಬರಿಯ ವಿದಾಯ ಅಥವಾ ಧನ್ಯವಾದ ಎಂದಿದ್ದರೆ ಪತ್ರ ಯಾರದೆಂದು ತೆರೆದೇ ನೋಡಬೇಕು. ಎರಡು ವರ್ಷದ ನಂತರ ಯಾರಿಗೋ ಸುಮಾ ಅವರ ನಂಬರ್ ಬೇಕಾಗುತ್ತದೆ. ಹೊಸ ಕಂಪನಿಗೆ ಅವರ ಬಗ್ಗೆ ಎರಡು ಮಾತು ಹೇಳಬೇಕಾಗಿರಬಹುದು, ಅಥವಾ ಹಳೆಯ ಸಪ್ಲೈಯರ್ ಒಬ್ಬರ ಬಗ್ಗೆ ವಿಚಾರಿಸಬೇಕಾಗಿರಬಹುದು. ಆಗ ಅವರು ತಮ್ಮ ಮೇಲ್‌ಬಾಕ್ಸ್‌ನಲ್ಲಿ ಸುಮಾ ಪರ್ಚೇಸ್ ಎಂದು ಹುಡುಕುತ್ತಾರೆ. ಸುಮಾ ಅವರ ಖಾತೆ ಎಂದೋ ಮುಚ್ಚಿದ್ದರೂ ಓದುಗರ ಬಳಿ ಆ ಪ್ರತಿ ಉಳಿದಿರುತ್ತದೆ.

ಕೆಲಸ ಯಾರಿಗೆ ವಹಿಸಿದೆ ಎಂಬ ಭಾಗ ಕೃತಜ್ಞತೆಗಿಂತ ಮೇಲೆ ಬಂದಿದೆ. ಇದು ಒರಟುತನವಲ್ಲ. ಮುನ್ನೂರು ಜನರಲ್ಲಿ ಸುಮಾ ಅವರನ್ನು ಹತ್ತಿರದಿಂದ ಬಲ್ಲವರು ನಲವತ್ತು ಮಂದಿ ಇರಬಹುದು. ಉಳಿದವರಿಗೆ ಪತ್ರದಿಂದ ಆಗುವ ಉಪಯೋಗ ಈ ಎರಡು ಸಾಲು ಮಾತ್ರ, ಅವರು ಅಷ್ಟಕ್ಕೇ ನಿಲ್ಲಿಸಿದರೂ ನಷ್ಟವಿಲ್ಲ. ಆದರೆ ಹೆಸರು ಬರೆಯುವ ಮುಂಚೆ ಎರಡು ಒಪ್ಪಿಗೆ ಬೇಕು. ಹರೀಶ್ ಮತ್ತು ನಳಿನಿ ಅವರಿಗೆ ಮೊದಲೇ ಗೊತ್ತಿರಬೇಕು, ಮ್ಯಾನೇಜರ್ ಕೂಡ ಹಾಗೆಯೇ ತೀರ್ಮಾನಿಸಿರಬೇಕು. ಬಿಡುವವರು ತಾವೇ ಊಹಿಸಿ ಹೆಸರು ಹಾಕಿದರೆ ಮರುದಿನ ಇನ್ನೊಂದು ತಿದ್ದುಪಡಿ ಇಮೇಲ್ ಬರುತ್ತದೆ. ಇನ್ನೂ ಯಾರನ್ನೂ ನೇಮಿಸಿಲ್ಲವಾದರೆ ವಿಭಾಗದ ಸಾಮಾನ್ಯ ಇಮೇಲ್ ವಿಳಾಸ ಕೊಟ್ಟರೆ ಸಾಕು.

ಧನ್ಯವಾದ ಹೇಳುವ ಬಗೆ

ಭಾವುಕತೆ ನುಸುಳುವ ಜಾಗ ಇದೇ. ಅದನ್ನು ತಡೆಯಲು ಕೃತಜ್ಞತೆಯನ್ನು ಕಡಿಮೆ ಮಾಡಬೇಕಿಲ್ಲ, ಅದನ್ನು ಯಾರದಾದರೂ ಒಂದು ಕೆಲಸಕ್ಕೆ ಕಟ್ಟಿಹಾಕಬೇಕು. ನೀವೆಲ್ಲರೂ ನನ್ನನ್ನು ಬೆಳೆಸಿದಿರಿ ಎನ್ನುವಲ್ಲಿ ಯಾರು ಏನು ಮಾಡಿದರೆಂದು ಇಲ್ಲ, ಹಾಗಾಗಿ ಬರೆಯುವವರು ಅದರ ತೂಕ ಹೆಚ್ಚಿಸಲು ಎಂದೆಂದಿಗೂ, ಹೃದಯಪೂರ್ವಕ, ಚಿರಋಣಿ ಎಂದು ವಿಶೇಷಣ ಸೇರಿಸುತ್ತಾ ಹೋಗುತ್ತಾರೆ. ಮೂರ್ತಿ ಸರ್ ಊಟದ ಬಿಡುವಿನಲ್ಲಿ ಡ್ರಾಯಿಂಗ್ ಓದುವುದನ್ನು ಕಲಿಸಿದರು ಎಂದಮೇಲೆ ವಿಶೇಷಣ ಬೇಕಾಗುವುದೇ ಇಲ್ಲ. ಒಬ್ಬ ಹಿರಿಯರು ತಮ್ಮ ಬಿಡುವಿನ ಸಮಯ ಕೊಟ್ಟರು ಎಂಬುದು ಓದಿದವರಿಗೆ ತಾನಾಗಿಯೇ ಗೊತ್ತಾಗುತ್ತದೆ. ಸಂಬಳದ ಕೆಲಸದ ಆಚೆಗೆ ಯಾರು ಏನು ಮಾಡಿದರು ಎಂದು ನೆನಪಿಸಿಕೊಂಡರೆ ಇಂಥ ಸಾಲುಗಳು ಸಿಗುತ್ತವೆ.

ಎಲ್ಲರಿಗೂ ಹೋಗುವ ಪತ್ರದಲ್ಲಿ ಎಷ್ಟು ಹೆಸರಿರಬೇಕು? ಮೂರೋ ನಾಲ್ಕೋ ಸಾಕು. ಹತ್ತು ಹೆಸರಾದರೆ ಅದು ಮದುವೆ ಮನೆಯ ವಂದನಾರ್ಪಣೆಯಾಗುತ್ತದೆ, ಹನ್ನೊಂದನೆಯವರು ನನ್ನ ಹೆಸರೇಕೆ ಬಿಟ್ಟರು ಎಂದು ಕೇಳುತ್ತಾರೆ. ಸುಮಾ ಅವರ ಪತ್ರದಲ್ಲಿ ಇಬ್ಬರ ಹೆಸರಿದೆ, ಮೂರನೆಯದಾಗಿ ಒಂದು ಇಡೀ ವಿಭಾಗ ಬಂದಿದೆ. ಹೆಸರು ಬಂದವರು ಬೇರೆ ಬೇರೆ ವಿಭಾಗದವರು. ತಮ್ಮ ಪಕ್ಕದ ಮೇಜಿನವರನ್ನು, ದಿನಾ ಒಟ್ಟಿಗೆ ಊಟ ಮಾಡಿದವರನ್ನು ಅವರು ಇಲ್ಲಿ ಸೇರಿಸಿಲ್ಲ. ಅವರಿಗೆ ಬೇರೆಯದೇ ಪತ್ರ ಹೋಗುತ್ತದೆ.

ಹೌದು, ಪತ್ರ ಒಂದಲ್ಲ, ಎರಡು ಬಗೆ. ಎಲ್ಲರಿಗೂ ಹೋಗುವ ಸಣ್ಣ ಪತ್ರ ಒಂದು. ಹತ್ತಿರದ ನಾಲ್ಕೈದು ಜನರಿಗೆ ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಬರೆದ ನಾಲ್ಕು ಸಾಲು ಇನ್ನೊಂದು. ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳಬೇಕೆಂದರೆ ಆ ಎರಡನೆಯದರಲ್ಲಿ ಹೇಳಬಹುದು. ಅಲ್ಲಿ ಬೇಜಾರಾಗುತ್ತಿದೆ ಎಂದು ಬರೆದರೆ ಯಾರಿಗೂ ಮುಜುಗರವಿಲ್ಲ, ಓದುವವರು ಒಬ್ಬರೇ. ಸಾರ್ವಜನಿಕ ಪತ್ರ ಅತಿಯಾಗಿ ಕಾಣುವುದು ಬಹಳ ಸಲ ಭಾವನೆ ಹೆಚ್ಚಾಗಿದ್ದರಿಂದಲ್ಲ, ಒಬ್ಬರಿಗೆ ಹೇಳಬೇಕಾದದ್ದನ್ನು ಮುನ್ನೂರು ಜನರಿಗೆ ಹೇಳಿದ್ದರಿಂದ.

ಇಮೇಲ್ ಮುಟ್ಟದವರೂ ಇದ್ದಾರೆ. ಕಾರ್ಖಾನೆಯ ಯಂತ್ರಗಳ ಮುಂದೆ ನಿಲ್ಲುವವರಿಗೆ, ಗೇಟಿನ ಸೆಕ್ಯುರಿಟಿಯವರಿಗೆ, ಕ್ಯಾಂಟೀನಿನವರಿಗೆ, ಹೌಸ್‌ಕೀಪಿಂಗ್‌ನವರಿಗೆ ಕಂಪನಿಯ ಇಮೇಲ್ ಇರುವುದು ಅಪರೂಪ. ಅವರಿಗೆ ಪತ್ರದಲ್ಲಿ ಧನ್ಯವಾದ ಬರೆದರೆ ಅದನ್ನು ಓದುವವರು ಅವರಲ್ಲ, ಬೇರೆಯವರು. ಶಿಫ್ಟ್ ಬದಲಾಗುವ ಹೊತ್ತಿಗೆ ಒಂದು ಸುತ್ತು ಹೋಗಿ ಮಾತಾಡಿಸಿ ಬರುವುದೇ ಸರಿ. ಗುತ್ತಿಗೆಯ ಹೌಸ್‌ಕೀಪಿಂಗ್ ಸಿಬ್ಬಂದಿ ಹಲವು ಕಡೆ ಮಧ್ಯಾಹ್ನಕ್ಕೇ ಮನೆಗೆ ಹೋಗುತ್ತಾರೆ, ಹಾಗಾಗಿ ಆ ಸುತ್ತು ಸಂಜೆಗೆ ಉಳಿಯಬಾರದು.

ಏಕೆ ಬಿಟ್ಟೆ, ಎಲ್ಲಿಗೆ ಹೊರಟೆ

ಸುಮಾ ಮೈಸೂರಿಗೆ ಹೋಗುತ್ತೇನೆ ಎಂದಿದ್ದಾರೆ, ಹೊಸ ಕಂಪನಿಯ ಹೆಸರು ಹೇಳಿಲ್ಲ. ಹೇಳಲೇಬೇಕೆಂಬ ನಿಯಮವಿಲ್ಲ. ಹೊಸ ಕಂಪನಿ ಹಳೆಯದಕ್ಕೆ ಪೈಪೋಟಿಯದಾದರೆ ಹೇಳದಿರುವುದೇ ಒಳ್ಳೆಯದು. ಅನೇಕ ನೇಮಕಾತಿ ಒಪ್ಪಂದಗಳಲ್ಲಿ, ಬಿಟ್ಟುಹೋದ ಮೇಲೆ ಇಷ್ಟು ತಿಂಗಳು ಇಲ್ಲಿಯ ನೌಕರರನ್ನಾಗಲಿ ಗ್ರಾಹಕರನ್ನಾಗಲಿ ಸೆಳೆಯಬಾರದು ಎಂಬ ಷರತ್ತಿರುತ್ತದೆ. ನಾನು ಹೋಗುವಲ್ಲಿ ಜನ ಬೇಕಾಗಿದ್ದಾರೆ, ಆಸಕ್ತಿ ಇದ್ದವರು ಫೋನ್ ಮಾಡಿ ಎಂದು ವಿದಾಯದ ಪತ್ರದಲ್ಲೇ ಬರೆಯುವುದು ಆ ಷರತ್ತಿನ ಉಲ್ಲಂಘನೆಗೆ ಸ್ವಂತ ಕೈಬರಹದ ಸಾಕ್ಷಿ ಒದಗಿಸಿದಂತೆ.

ಬಿಟ್ಟ ಕಾರಣ ಸಂಬಳವೋ, ಬಡ್ತಿ ತಪ್ಪಿದ್ದೋ, ಮ್ಯಾನೇಜರ್ ಜತೆಗಿನ ಮನಸ್ತಾಪವೋ ಆಗಿದ್ದರೆ ಅದಕ್ಕೆ ಬೇರೆ ಜಾಗವಿದೆ. ಎಚ್‌ಆರ್‌ನವರು ನಡೆಸುವ ಎಕ್ಸಿಟ್ ಇಂಟರ್‌ವ್ಯೂನಲ್ಲಿ ಹೇಳಿದ್ದು ಕಡತದಲ್ಲಿ ದಾಖಲಾಗುತ್ತದೆ. ಪತ್ರದಲ್ಲಿ ಬರೆದದ್ದು ಫಾರ್ವರ್ಡ್ ಆಗುತ್ತದೆ, ಅಷ್ಟೇ. ನೇರವಾದ ದೂರಿಗಿಂತಲೂ ಜನ ಎಡವುವುದು ಕೊಂಕಿನಲ್ಲಿ. ಕೆಲವರ ನಿಜಸ್ವರೂಪ ಇಲ್ಲಿ ತಿಳಿಯಿತು ಎಂಬ ಒಂದು ಸಾಲು ಸಾಕು, ಆ ಕೆಲವರು ಯಾರು ಎಂಬ ಚರ್ಚೆಯಲ್ಲಿ ಉಳಿದ ಪತ್ರವೆಲ್ಲ ಮರೆತುಹೋಗುತ್ತದೆ.

ಕಂಪನಿಯ ಒಳಗಿನ ಪತ್ರ ಒಳಗೇ ಉಳಿಯುತ್ತದೆ ಎಂದು ನಂಬುವಂತಿಲ್ಲ ಎಂಬುದಕ್ಕೆ ಅಮೆರಿಕದ ಗ್ರೂಪಾನ್ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಆಂಡ್ರ್ಯೂ ಮೇಸನ್ ಅವರ ಪತ್ರ ಪ್ರಸಿದ್ಧ ಉದಾಹರಣೆ. 2013ರ ಫೆಬ್ರುವರಿ ಕೊನೆಯಲ್ಲಿ ಆಡಳಿತ ಮಂಡಳಿ ಅವರನ್ನು ಸಿಇಒ ಸ್ಥಾನದಿಂದ ತೆಗೆಯಿತು. ನೌಕರರಿಗೆ ಬರೆದ ಪತ್ರವನ್ನು ಅವರು ತಾವೇ ಬಹಿರಂಗವಾಗಿ ಪ್ರಕಟಿಸಿದರು, ಹೇಗೂ ಇದು ಸೋರಿಕೆಯಾಗುತ್ತದೆ ಎಂಬ ಕಾರಣ ಕೊಟ್ಟು. ಮನೆಯವರೊಡನೆ ಹೆಚ್ಚು ಸಮಯ ಕಳೆಯಲು ಹೋಗುತ್ತಿದ್ದೇನೆ ಎಂಬ ಮಾಮೂಲಿ ನೆಪವನ್ನು ತಮಾಷೆಗೆ ಹೇಳಿ, ಮರುಮಾತಿನಲ್ಲೇ ತಮ್ಮನ್ನು ತೆಗೆದುಹಾಕಲಾಗಿದೆ ಎಂದು ಒಪ್ಪಿಕೊಂಡರು. ಹೊಣೆಯನ್ನೂ ತಮ್ಮ ಮೇಲೆಯೇ ಹಾಕಿಕೊಂಡರು. ಸಿಇಒ ಆಗಿದ್ದವರಿಗೆ ಆ ಹಾಸ್ಯ ಒಪ್ಪುತ್ತಿತ್ತು, ಎಲ್ಲರೂ ಅದನ್ನು ಅನುಕರಿಸಬೇಕಿಲ್ಲ. ಕಲಿಯಬೇಕಾದದ್ದು ಅವರ ಊಹೆಯನ್ನು: ಈ ಪತ್ರವನ್ನು ಹೊರಗಿನವರೂ ಓದುತ್ತಾರೆ ಎಂದುಕೊಂಡೇ ಬರೆಯಬೇಕು.

ಕಂಪನಿಯೇ ಕೆಲಸದಿಂದ ತೆಗೆದಾಗ ಏನು ಬರೆಯುವುದು? ಹೆಚ್ಚಿನ ಕಡೆ ಅವರಿಗೆ ಪತ್ರ ಬರೆಯುವ ಅವಕಾಶವೇ ಇರುವುದಿಲ್ಲ, ಸುದ್ದಿ ತಿಳಿಸಿದ ಗಂಟೆಯಲ್ಲೇ ಖಾತೆ ಮುಚ್ಚಿರುತ್ತದೆ. ಅವಕಾಶ ಸಿಕ್ಕರೆ ಒಂದೇ ವಾಕ್ಯ ಸಾಕು: ನನ್ನ ಹುದ್ದೆ ರದ್ದಾಗಿದೆ, ಇಂದು ಕೊನೆಯ ದಿನ. ಅದರ ಮುಂದೆ ತಮ್ಮ ಸಂಪರ್ಕ, ಯಾವ ಬಗೆಯ ಕೆಲಸ ಹುಡುಕುತ್ತಿದ್ದೇನೆ ಎಂಬ ಒಂದು ಸಾಲು. ಕೆಲಸ ಹುಡುಕುತ್ತಿದ್ದೇನೆ ಎಂದು ನೇರವಾಗಿ ಹೇಳಿದರೆ ನೆರವಾಗಲು ಬಯಸುವವರಿಗೆ ದಾರಿ ಸಿಗುತ್ತದೆ. ಸುತ್ತಿಬಳಸಿ ಬರೆದರೆ ಅವರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ.

ಸಂಪರ್ಕ ವಿವರದ ಸಣ್ಣ ಕಷ್ಟಗಳು

ಫೋನ್ ನಂಬರ್, ಇಮೇಲ್ ಬರೆಯುವುದರಲ್ಲಿ ಏನಿದೆ ಎನಿಸಬಹುದು. ತಪ್ಪುಗಳು ಹೆಚ್ಚಾಗಿ ಆಗುವುದು ಅಲ್ಲಿಯೇ. ಹಲವರ ಮೊಬೈಲ್ ನಂಬರ್ ಕಂಪನಿ ಕೊಟ್ಟ ಸಿಮ್‌ನದು. ವರ್ಷಗಟ್ಟಲೆ ಬಳಸಿ ಅದು ತಮ್ಮದೇ ಎಂಬಂತಾಗಿರುತ್ತದೆ. ಕೊನೆಯ ದಿನ ಸಿಮ್ ವಾಪಸ್ ಕೊಟ್ಟ ಮೇಲೆ ಆ ನಂಬರ್ ಬೇರೆಯವರ ಕೈಯಲ್ಲಿರುತ್ತದೆ. ಪತ್ರದಲ್ಲಿ ಅದೇ ನಂಬರ್ ಹೋಗಿದ್ದರೆ ಗೆಳೆಯರು ಮಾತಾಡುವುದು ಆ ಬೇರೆಯವರೊಡನೆ. ಇದಕ್ಕಿಂತ ದೊಡ್ಡ ತೊಂದರೆ, ಬ್ಯಾಂಕ್ ಖಾತೆ, ಆಧಾರ್, ಪಿಎಫ್‌ಗೆ ಅದೇ ನಂಬರ್ ಜೋಡಿಸಿದ್ದರೆ ಒಟಿಪಿ ಕೂಡ ಅಲ್ಲಿಗೇ ಹೋಗುತ್ತದೆ. ಪಿಎಫ್‌ನ 12 ಅಂಕೆಯ ಯುಎಎನ್ ಕೆಲಸ ಬದಲಾದರೂ ಬದಲಾಗುವುದಿಲ್ಲ, ಹಳೆಯ ಹಣವನ್ನು ಹೊಸ ಕಂಪನಿಯ ಖಾತೆಗೆ ವರ್ಗಾಯಿಸಲು ಅದೇ ಬೇಕು. ಹಾಗಾಗಿ ಸ್ವಂತ ನಂಬರ್ ಮಾಡಿಕೊಳ್ಳುವ, ಎಲ್ಲ ಕಡೆ ಬದಲಿಸುವ ಕೆಲಸ ನೋಟಿಸ್ ಅವಧಿಯ ಆರಂಭದಲ್ಲೇ ಮುಗಿಯಬೇಕು. ಪತ್ರದಲ್ಲಿ ಸ್ವಂತ ಮೊಬೈಲ್ ಎಂದು ಬರೆದದ್ದು ಓದುಗರಿಗೂ ಆ ವ್ಯತ್ಯಾಸ ತಿಳಿಸಲಿಕ್ಕೆ.

ಇಮೇಲ್ ವಿಳಾಸವನ್ನು ಒಮ್ಮೆ ಪರೀಕ್ಷಿಸಿ ನೋಡುವುದು ಒಳ್ಳೆಯದು. ಕಚೇರಿಯ ಖಾತೆಯಿಂದ ಆ ವಿಳಾಸಕ್ಕೆ ಒಂದು ಸಾಲು ಕಳಿಸಿ, ಮನೆಯ ಮೊಬೈಲ್‌ನಲ್ಲಿ ಬಂತೇ ಎಂದು ನೋಡಿದರೆ ಒಂದು ಅಕ್ಷರ ತಪ್ಪಿದ್ದರೂ ಗೊತ್ತಾಗುತ್ತದೆ. ಅದೇ ವಿಳಾಸವನ್ನು ಎಚ್‌ಆರ್‌ಗೂ ಬರೆದುಕೊಡಬೇಕು. ರಿಲೀವಿಂಗ್ ಲೆಟರ್, ಅನುಭವ ಪತ್ರ, ಅಂತಿಮ ಲೆಕ್ಕ ಎಲ್ಲ ಆಮೇಲೆ ಬರುವಂಥವು. ಸಂಬಳದಲ್ಲಿ ಹಿಡಿದ ತೆರಿಗೆಯ ಪ್ರಮಾಣಪತ್ರ ಬರುವುದು ಆರ್ಥಿಕ ವರ್ಷ ಮುಗಿದ ಮೇಲೆ, ಸಾಮಾನ್ಯವಾಗಿ ಜೂನ್‌ನಲ್ಲಿ. ಅಕ್ಟೋಬರ್‌ನಲ್ಲಿ ಬಿಟ್ಟವರಿಗೆ ಅದು ಎಂಟು ತಿಂಗಳ ನಂತರ. ಮುಚ್ಚಿದ ಕಚೇರಿ ವಿಳಾಸಕ್ಕೆ ಹೋದರೆ ಯಾರಿಗೂ ಸಿಗುವುದಿಲ್ಲ.

ಇದೇ ಹೊತ್ತಿಗೆ ನೆನಪಿಗಿರಲಿ ಎಂದು ಕಚೇರಿಯ ಹಳೆಯ ಇಮೇಲ್‌ಗಳನ್ನೋ ಸಪ್ಲೈಯರ್‌ಗಳ ಪಟ್ಟಿಯನ್ನೋ ಸ್ವಂತ ವಿಳಾಸಕ್ಕೆ ಕಳಿಸಿಕೊಳ್ಳುವವರಿದ್ದಾರೆ. ರಾಜೀನಾಮೆ ಕೊಟ್ಟವರ ಖಾತೆಯಿಂದ ಹೊರಗೆ ಹೋಗುವ ಕಡತಗಳ ಮೇಲೆ ದೊಡ್ಡ ಕಂಪನಿಗಳಲ್ಲಿ ವಿಶೇಷ ನಿಗಾ ಇರುತ್ತದೆ. ಉದ್ದೇಶ ಒಳ್ಳೆಯದಿದ್ದರೂ ರಿಲೀವಿಂಗ್ ಲೆಟರ್ ತಡೆಹಿಡಿಯಲು ಅದೊಂದು ಕಾರಣವಾಗಬಹುದು. ತಮ್ಮ ಸಂಬಳದ ಸ್ಲಿಪ್‌ಗಳನ್ನು ಇಳಿಸಿಕೊಳ್ಳುವುದು, ಗೆಳೆಯರ ನಂಬರ್‌ಗಳನ್ನು ಸ್ವಂತ ಮೊಬೈಲ್‌ಗೆ ಬರೆದುಕೊಳ್ಳುವುದು ಬೇರೆ ಮಾತು.

ಯಾರಿಗೆ, ಯಾವಾಗ

ಎಲ್ಲರಿಗೂ ಎಂದರೆ ಇಡೀ ಕಂಪನಿಗೆ ಎಂದಲ್ಲ. ಕೆಲಸದ ಸಂಬಂಧ ಇದ್ದವರಿಗೆ ಎಂದರ್ಥ. ಇಡೀ ಕಂಪನಿಯ ಮೇಲಿಂಗ್ ಲಿಸ್ಟ್‌ಗೆ ಕಳಿಸುವ ಅಧಿಕಾರ ಅನೇಕ ಕಡೆ ಎಲ್ಲರಿಗೂ ಇರುವುದಿಲ್ಲ, ಇದ್ದರೂ ಬಳಸದಿರುವುದೇ ಕ್ಷೇಮ. ಯಾರೋ ಒಬ್ಬರು ಶುಭವಾಗಲಿ ಎಂದು ರಿಪ್ಲೈ ಆಲ್ ಒತ್ತಿದರೆ ಅದು ಎಲ್ಲರಿಗೂ ಹೋಗುತ್ತದೆ, ನನಗೇಕೆ ಕಳಿಸುತ್ತೀರಿ ಎಂದು ಕೇಳುವವರೂ ಅದನ್ನೇ ಒತ್ತುತ್ತಾರೆ. 2016ರ ನವೆಂಬರ್‌ನಲ್ಲಿ ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆಯ ಇಮೇಲ್ ವ್ಯವಸ್ಥೆಯಲ್ಲಿ ಒಂದು ಪರೀಕ್ಷಾರ್ಥ ಇಮೇಲ್ ತಪ್ಪಿ ಎಂಟು ಲಕ್ಷಕ್ಕೂ ಹೆಚ್ಚು ಜನರಿಗೆ ಹೋಯಿತು. ನನ್ನನ್ನು ಪಟ್ಟಿಯಿಂದ ತೆಗೆಯಿರಿ ಎಂಬ ಉತ್ತರಗಳೂ ಎಲ್ಲರಿಗೂ ಹೋಗಿ ಇಡೀ ವ್ಯವಸ್ಥೆ ನಿಧಾನವಾಯಿತು.

ಇದಕ್ಕೆ ಪರಿಹಾರ ಸರಳ. ಸ್ವೀಕರಿಸುವವರ ಜಾಗದಲ್ಲಿ ನಿಮ್ಮದೇ ವಿಳಾಸ ಹಾಕಿ ಉಳಿದವರನ್ನೆಲ್ಲ ಬಿಸಿಸಿಯಲ್ಲಿ ಇಟ್ಟರೆ, ಯಾರು ರಿಪ್ಲೈ ಆಲ್ ಒತ್ತಿದರೂ ಉತ್ತರ ನಿಮಗೆ ಮಾತ್ರ ಬರುತ್ತದೆ. ಯಾರನ್ನು ಸೇರಿಸಿದಿರಿ, ಯಾರನ್ನು ಬಿಟ್ಟಿರಿ ಎಂಬುದೂ ಬೇರೆಯವರಿಗೆ ಕಾಣುವುದಿಲ್ಲ. ಹತ್ತು ಹನ್ನೆರಡು ಜನರ ಒಂದು ತಂಡಕ್ಕೆ ಮಾತ್ರ ಬರೆಯುವುದಾದರೆ ಬಿಸಿಸಿ ಬೇಡ. ಅಲ್ಲಿ ಒಬ್ಬರ ಉತ್ತರ ಇನ್ನೊಬ್ಬರು ನೋಡುವುದೇ ಸಂತೋಷ.

ಗ್ರಾಹಕರು, ಸಪ್ಲೈಯರ್‌ಗಳು ಈ ಪಟ್ಟಿಯಲ್ಲಿ ಇರಬಾರದು. ನಾಳೆಯಿಂದ ನಿಮ್ಮ ಜತೆ ಮಾತಾಡುವವರು ಇವರು ಎಂದು ಹೊರಗಿನವರಿಗೆ ತಿಳಿಸುವುದು ಕಂಪನಿಯ ಕೆಲಸ. ಅದನ್ನು ಮ್ಯಾನೇಜರ್ ಮಾಡಬೇಕು, ಅಥವಾ ಅವರ ಒಪ್ಪಿಗೆಯಿಂದ ಬಿಡುವವರು ಹೊಸಬರನ್ನೂ ಸೇರಿಸಿಕೊಂಡು ಮಾಡಬೇಕು. ಆ ಪತ್ರದಲ್ಲಿ ಸ್ವಂತ ನಂಬರ್ ಇರಬಾರದು. ಕೊನೆಯ ದಿನ ಇಡುವ ಆಟೋ ರಿಪ್ಲೈಗೂ ಇದೇ ಮಾತು. ಅದು ಹೊರಗಿನ ಯಾರಿಗೆ ಬೇಕಾದರೂ ಹೋಗುತ್ತದೆ, ಅದರಲ್ಲಿ ಕೆಲಸ ವಹಿಸಿಕೊಂಡವರ ಹೆಸರು, ಅವರ ಕಚೇರಿ ವಿಳಾಸ ಇದ್ದರೆ ಸಾಕು.

ಇನ್ನು ಹೊತ್ತು. ನೋಟಿಸ್ ಅವಧಿ ಮೂವತ್ತು ದಿನವಿರಲಿ, ತೊಂಬತ್ತು ದಿನವಿರಲಿ, ಮ್ಯಾನೇಜರ್ ತಂಡಕ್ಕೆ ತಿಳಿಸುವ ಮುಂಚೆ ಈ ಪತ್ರ ಹೋಗಬಾರದು. ಹೋಗಬೇಕಾದದ್ದು ಕೊನೆಯ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಆಗ ಎಲ್ಲರೂ ಕೆಲಸದಲ್ಲಿರುತ್ತಾರೆ, ಓದಿದವರು ಬಂದು ಮಾತಾಡಿಸಲು ಸಂಜೆಯವರೆಗೆ ಸಮಯವಿರುತ್ತದೆ. ಸುಮಾ ನಾಲ್ಕರವರೆಗೆ ಇರುತ್ತೇನೆ ಎಂದು ಬರೆದದ್ದು ಅದಕ್ಕೇ. ಸಂಜೆ ಆರಕ್ಕೆ ಕಳಿಸಿದ ಪತ್ರವನ್ನು ಬಹಳ ಜನ ಮರುದಿನ ಓದುತ್ತಾರೆ. ಅವರು ಬರೆದ ಉತ್ತರ ಮುಚ್ಚಿದ ಖಾತೆಗೆ ಹೋಗಿ ವಾಪಸ್ ಬರುತ್ತದೆ.

ಖಾತೆ ಎಷ್ಟು ಗಂಟೆಗೆ ಮುಚ್ಚುತ್ತದೆ ಎಂದು ಐಟಿಯವರನ್ನು ಹಿಂದಿನ ದಿನವೇ ಕೇಳಿಕೊಳ್ಳಬೇಕು. ಕೆಲವು ಕಡೆ ಸಂಜೆ, ಕೆಲವು ಕಡೆ ಲ್ಯಾಪ್‌ಟಾಪ್ ಕೊಟ್ಟ ಕೂಡಲೇ, ಕೆಲವು ಕಡೆ ಮಧ್ಯಾಹ್ನವೇ. ಸಂಜೆಗೆ ಹೋಗಲಿ ಎಂದು ಸಮಯ ನಿಗದಿಪಡಿಸಿಟ್ಟ ಇಮೇಲ್ ಅಷ್ಟರಲ್ಲಿ ಖಾತೆ ಮುಚ್ಚಿದರೆ ಹೋಗದೆ ಉಳಿಯಬಹುದು. ಕಳಿಸಿದ್ದನ್ನು ಹಿಂದಕ್ಕೆ ಕರೆಯುವ ಆಸೆಯೂ ಬೇಡ, ಜಿಮೇಲ್‌ನಲ್ಲಿ ಅದಕ್ಕೆ ಸಿಗುವುದು ಹೆಚ್ಚೆಂದರೆ 30 ಸೆಕೆಂಡ್. ಹಾಗಾಗಿ ಪತ್ರವನ್ನು ಕೊನೆಯ ವಾರದ ಆರಂಭದಲ್ಲೇ ಬರೆದು ಎರಡು ದಿನ ಬಿಟ್ಟು ಇನ್ನೊಮ್ಮೆ ಓದುವುದು ಒಳ್ಳೆಯದು. ಅಷ್ಟರಲ್ಲಿ ಸಿಟ್ಟಿನ ಸಾಲೂ ಕಣ್ಣೀರಿನ ಸಾಲೂ ತಾವಾಗಿಯೇ ಎದ್ದು ಕಾಣುತ್ತವೆ.

ಕಳಿಸಿದ ಮೇಲೆ ಉತ್ತರಗಳು ಬರುತ್ತವೆ. ಒಂದೇ ಸಾಲಿನ ಶುಭ ಹಾರೈಕೆಗೆ ಉತ್ತರ ಬರೆಯದಿದ್ದರೂ ನಡೆಯುತ್ತದೆ. ಯಾವುದೋ ಹಳೆಯ ಕೆಲಸ ನೆನಪಿಸಿ ಬರೆದವರಿಗೆ, ಏನಾದರೂ ಪ್ರಶ್ನೆ ಕೇಳಿದವರಿಗೆ ಅದೇ ಮಧ್ಯಾಹ್ನ ಎರಡು ಸಾಲು ಬರೆಯಬೇಕು. ವಾಟ್ಸಾಪ್ ಗುಂಪುಗಳ ವಿಷಯ ಸುಲಭ. ಕೆಲಸದ ಗುಂಪಿನಲ್ಲಿ ಇಂದು ಬಿಡುತ್ತಿದ್ದೇನೆ, ಇನ್ನು ಹರೀಶ್ ನೋಡಿಕೊಳ್ಳುತ್ತಾರೆ ಎಂದು ಒಂದು ಸಾಲು ಹಾಕಿ, ಅದೇ ದಿನ ಹೊರಗೆ ಬರಬೇಕು. ಅಲ್ಲಿ ಮುಂದೆ ಬರುವ ದರ, ಆರ್ಡರ್, ಗ್ರಾಹಕರ ಮಾತು ಹೊರಗಿನವರು ನೋಡುವಂಥದ್ದಲ್ಲ. ಹರಟೆಯ ಗುಂಪಿನಲ್ಲಿ ಇರುವುದೋ ಬಿಡುವುದೋ ಅವರವರ ಇಷ್ಟ.

ಹೊಸಬರು ಮೊದಲ ಕೆಲವು ವಾರ ಫೋನ್ ಮಾಡಿ ಆ ಫೈಲ್ ಎಲ್ಲಿದೆ, ಈ ಸಪ್ಲೈಯರ್ ಹೇಗೆ ಎಂದು ಕೇಳುವುದು ಸಹಜ. ಎಷ್ಟು ದಿನ, ಯಾವ ಬಗೆಯ ಪ್ರಶ್ನೆಗೆ ಉತ್ತರಿಸುತ್ತೇನೆ ಎಂಬುದನ್ನು ಅವರಿಗೆ ಬಾಯಿಮಾತಿನಲ್ಲಿ ಮೊದಲೇ ಹೇಳಿಟ್ಟರೆ ಇಬ್ಬರಿಗೂ ಸಂಕೋಚವಿಲ್ಲ. ಎಲ್ಲರಿಗೂ ಹೋಗುವ ಪತ್ರದಲ್ಲಿ ಯಾವಾಗ ಬೇಕಾದರೂ ಏನು ಬೇಕಾದರೂ ಕೇಳಿ ಎಂದು ಬರೆದರೆ ಹೊಸ ಕೆಲಸಕ್ಕೆ ಸೇರಿದ ಮೊದಲ ವಾರವೇ ಹಳೆಯ ಕಂಪನಿಯ ಬಾಕಿ ಆರ್ಡರ್ ಬಗ್ಗೆ ಫೋನ್ ಬರುತ್ತದೆ. ಸುಮಾ ಅವರು ಮೈಸೂರಿಗೆ ಬಂದಾಗ ಫೋನ್ ಮಾಡಿ ಎಂದಷ್ಟೇ ಬರೆದು ನಿಲ್ಲಿಸಿದ್ದರ ಹಿಂದೆ ಈ ಲೆಕ್ಕವೂ ಇದೆ.